‘ಬಾಡಿಗೆ ಕೊಡಿ, ಇಲ್ಲವೇ ಮನೆ ಬಿಡಿ’ ಎಂದು ಬರೆಯಬೇಡಿ

ಆರು ತಿಂಗಳಿಂದ ಬಾಡಿಗೆ ಬಂದಿಲ್ಲ. ಫೋನ್ ಮಾಡಿದರೆ ಬಾಡಿಗೆದಾರ ಎತ್ತುವುದಿಲ್ಲ. ಎತ್ತಿದ ದಿನ ‘ಅಡ್ವಾನ್ಸ್ ನಿಮ್ಮ ಹತ್ತಿರವೇ ಇದೆಯಲ್ಲ, ಅದರಲ್ಲೇ ಮುರಿದುಕೊಳ್ಳಿ’ ಅನ್ನುತ್ತಾನೆ. ಮನೆ ಬಿಡಿ ಎಂದರೆ ಮಗಳ ಪರೀಕ್ಷೆ ಮುಗಿಯಲಿ ಅನ್ನುತ್ತಾನೆ, ಪರೀಕ್ಷೆ ಮುಗಿದರೂ ಬಿಡುವುದಿಲ್ಲ. ಬೆಂಗಳೂರಿನ ಎಷ್ಟೋ ಮಾಲೀಕರು ಹೀಗೆ ಕಾದು ಸೋತು, ಕೊನೆಗೆ ಲಾಯರ್ ನೋಟಿಸ್ ಕೊಡಿಸಲು ಹೊರಡುತ್ತಾರೆ. ಆಗ ಅವರ ಮನಸ್ಸಿನಲ್ಲಿರುವ ಒಕ್ಕಣೆ ಹೆಚ್ಚುಕಡಿಮೆ ಒಂದೇ: ‘ಹದಿನೈದು ದಿನದೊಳಗೆ ಬಾಕಿ ಬಾಡಿಗೆ ಕೊಡಿ, ಇಲ್ಲವೇ ಮನೆ ಖಾಲಿ ಮಾಡಿ.’

ನೊಂದವರು ಹೀಗೆ ಬರೆಯುವುದು ಸಹಜ. ಆದರೆ ನೋಟಿಸ್ ಕೆಡುವುದು ಈ ‘ಇಲ್ಲವೇ’ಯಲ್ಲೇ. ಬಾಡಿಗೆದಾರ ಹದಿನಾಲ್ಕನೆಯ ದಿನ ಬಾಕಿ ಹಣವನ್ನು ಖಾತೆಗೆ ಹಾಕಿಬಿಟ್ಟರೆ ನೋಟಿಸ್ ಅಲ್ಲಿಗೆ ತೀರಿತು. ಅವನು ಮನೆಯಲ್ಲೇ ಉಳಿಯುತ್ತಾನೆ, ಮುಂದಿನ ತಿಂಗಳಿಂದ ಮತ್ತೆ ಕೊಡುವುದಿಲ್ಲ. ಹಣ ಕೊಡದೇ ಹೋದರೂ ಅವನ ವಕೀಲರು ನ್ಯಾಯಾಲಯದಲ್ಲಿ ಕೇಳುವ ಮೊದಲ ಪ್ರಶ್ನೆ ಇದು: ‘ಮಾಲೀಕರು ಬಾಡಿಗೆ ಸಂಬಂಧವನ್ನು ಮುಗಿಸಿದರೇ, ಅಥವಾ ಮುಗಿಸುತ್ತೇವೆ ಎಂದು ಹೆದರಿಸಿದರೇ?’

ಒಳ್ಳೆಯ ನೋಟಿಸ್ ಎರಡು ಕೆಲಸ ಮಾಡುತ್ತದೆ. ಬಾಕಿ ಹಣ ಕೇಳುವುದು ಒಂದು, ಬಾಡಿಗೆ ಸಂಬಂಧವನ್ನು ಕೊನೆಗೊಳಿಸುವುದು ಇನ್ನೊಂದು. ಎರಡೂ ಒಂದೇ ಕಾಗದದಲ್ಲಿ ಇರಬಹುದು, ಇರಲೂ ಬೇಕು. ಆದರೆ ಒಂದು ಇನ್ನೊಂದರ ಮೇಲೆ ನಿಲ್ಲಬಾರದು. ನೋಟಿಸಿನ ರಚನೆಯೆಲ್ಲ ಈ ಒಂದು ಎಚ್ಚರದ ಸುತ್ತ ನಡೆಯುತ್ತದೆ.

ಮೊದಲು ಯಾವ ಕಾಯಿದೆ ಎಂಬುದು ಖಚಿತವಾಗಬೇಕು. ಕರ್ನಾಟಕದಲ್ಲಿ 1999ರ ಬಾಡಿಗೆ ಕಾಯಿದೆ ಇದೆ, ಅದು ಬಾಡಿಗೆದಾರನಿಗೆ ವಿಶೇಷ ರಕ್ಷಣೆ ಕೊಡುತ್ತದೆ ಎಂಬ ಮಾತು ನಿಜ. ಆದರೆ ಬೆಂಗಳೂರಿನಂಥ ಊರುಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಕಟ್ಟಡಗಳಿಗೆ ಅದು ಅನ್ವಯಿಸುವುದಿಲ್ಲ. ಕಾಯಿದೆಯ ಪಟ್ಟಿಯಲ್ಲಿ ಇತರ ಪ್ರದೇಶಗಳು ಎಂದಿರುವ ಕಡೆ ಆ ಮಿತಿ 2,000 ರೂಪಾಯಿ. ಅಂಗಡಿಯಾದರೆ ಹದಿನಾಲ್ಕು ಚದರ ಮೀಟರಿಗಿಂತ ದೊಡ್ಡದಿದ್ದರೆ ಅದೂ ಹೊರಗೆ. ಇಂದು ನಗರದಲ್ಲಿ ಬಾಡಿಗೆಗೆ ಸಿಗುವ ಮನೆಗಳಲ್ಲಿ ಬಹುಪಾಲು ಹೀಗೆ ಆ ಕಾಯಿದೆಯಿಂದ ಆಚೆ ಇವೆ. ಅವುಗಳ ವಿಷಯ ನಡೆಯುವುದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ, ಮುಖ್ಯವಾಗಿ ಅದರ 106ನೇ ಕಲಮಿನ ಪ್ರಕಾರ. ಹಳೆಯ ಬಾಡಿಗೆಯಲ್ಲೇ ಉಳಿದುಬಿಟ್ಟ, ಬಾಡಿಗೆ ಕಾಯಿದೆಯೊಳಗೇ ಇರುವ ಚಿಕ್ಕ ಮನೆಗಳಿಗೆ ದಾರಿ ಬೇರೆ. ಅಲ್ಲಿ ಬಾಕಿ ಕೇಳಿ ನೋಟಿಸ್ ಕೊಟ್ಟು, ಎರಡು ತಿಂಗಳು ಕಾದು, ಆಮೇಲಷ್ಟೇ ಬಾಕಿಯ ಕಾರಣಕ್ಕೆ ಮನೆ ಬಿಡಿಸಲು ಅರ್ಜಿ ಹಾಕಬಹುದು.

106ನೇ ಕಲಮು ಹೇಳುವುದು ಸರಳ. ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯನ್ನು ಯಾವ ಪಕ್ಷದವರಾದರೂ ಹದಿನೈದು ದಿನದ ನೋಟಿಸ್ ಕೊಟ್ಟು ಮುಗಿಸಬಹುದು. ಕಾರಣ ಹೇಳಬೇಕಾಗಿಲ್ಲ. ಬಾಡಿಗೆ ಬಾಕಿ ಇರಲೇಬೇಕು ಎಂದೂ ಇಲ್ಲ. ಬಹಳ ಮಾಲೀಕರಿಗೆ ಗೊತ್ತಿಲ್ಲದ ಸಂಗತಿ ಇದೇ. ಬಾಡಿಗೆದಾರ ಬಾಡಿಗೆ ಕೊಟ್ಟಿಲ್ಲ ಎಂಬುದನ್ನು ಸಾಬೀತು ಮಾಡಿದರೆ ಮಾತ್ರ ಮನೆ ಸಿಗುತ್ತದೆ ಎಂದು ಅವರು ಭಾವಿಸಿರುತ್ತಾರೆ. 2012ರಲ್ಲಿ ದೆಹಲಿಯ ಪಾಯಲ್ ವಿಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದಂತೆ, ಬಾಡಿಗೆ ನಿಯಂತ್ರಣದ ರಕ್ಷಣೆ ಇಲ್ಲದ ಕಡೆ ಸ್ವಾಧೀನ ಕೇಳುವ ಮಾಲೀಕರು ತೋರಿಸಬೇಕಾದದ್ದು ಎರಡೇ: ಇಬ್ಬರ ನಡುವೆ ಮಾಲೀಕ–ಬಾಡಿಗೆದಾರ ಸಂಬಂಧವಿತ್ತು, ಆ ಸಂಬಂಧ ಮುಗಿದಿದೆ.

ಇದನ್ನು ಒಂದು ಮನೆಯ ಲೆಕ್ಕದಲ್ಲಿ ಇಟ್ಟು ನೋಡುವುದು ಒಳ್ಳೆಯದು. ಬನಶಂಕರಿ ಕಡೆ ಒಂದು ಮೊದಲ ಮಹಡಿ ಮನೆ ಎಂದುಕೊಳ್ಳೋಣ. ಮಾಲೀಕರು ನಿವೃತ್ತ ಶಿಕ್ಷಕಿ, ಕೆಳಗಿನ ಮನೆಯಲ್ಲಿ ವಾಸ. 2023ರ ಜೂನ್ 1ರಿಂದ ಹನ್ನೊಂದು ತಿಂಗಳಿಗೆ ಸ್ಟಾಂಪ್ ಪೇಪರಿನ ಮೇಲೆ ಕರಾರು ಆಗಿತ್ತು: ಬಾಡಿಗೆ 18,000, ನೀರಿಗೆ 500, ಅಡ್ವಾನ್ಸ್ 1,50,000 ರೂಪಾಯಿ. ಪ್ರತಿ ತಿಂಗಳ ಬಾಡಿಗೆಯನ್ನು ಮುಂದಿನ ತಿಂಗಳ 5ನೇ ತಾರೀಖಿನೊಳಗೆ ಕೊಡಬೇಕು. 2024ರ ಏಪ್ರಿಲ್ 30ಕ್ಕೆ ಅವಧಿ ಮುಗಿಯಿತು. ಹೊಸ ಕರಾರು ಮಾಡಿಕೊಳ್ಳಲಿಲ್ಲ. ಬಾಡಿಗೆ ಶೇಕಡ 5 ಹೆಚ್ಚಿ 18,900 ಆಯಿತು, ಬಾಡಿಗೆದಾರ ಅದನ್ನೇ ಕೊಡುತ್ತ ಬಂದ. 2025ರ ಮಾರ್ಚ್ ಬಾಡಿಗೆಯವರೆಗೆ ಎಲ್ಲ ಸರಿ. ಏಪ್ರಿಲ್‌ನಿಂದ ನಿಂತಿತು. ನಡುವೆ ಜೂನ್‌ನಲ್ಲಿ 10,000 ರೂಪಾಯಿ ಮಾತ್ರ ಫೋನ್ ಮೂಲಕ ಬಂತು. ಶಿಕ್ಷಕಿ ಅಕ್ಟೋಬರ್ 6ರಂದು ವಕೀಲರ ಮೂಲಕ ನೋಟಿಸ್ ಕಳಿಸುತ್ತಾರೆ.

ನೋಟಿಸಿನ ತಲೆಯಲ್ಲಿ ದಿನಾಂಕ, ಕಳಿಸುವ ರೀತಿ, ಬಾಡಿಗೆದಾರನ ಹೆಸರು ಮತ್ತು ವಿಳಾಸ ಬರುತ್ತವೆ. ಹೆಸರು ಕರಾರಿನಲ್ಲಿ ಇದ್ದಂತೆಯೇ ಇರಬೇಕು. ಕರಾರಿಗೆ ಗಂಡ–ಹೆಂಡತಿ ಇಬ್ಬರೂ ಸಹಿ ಹಾಕಿದ್ದರೆ ಇಬ್ಬರಿಗೂ ನೋಟಿಸ್. ಕರಾರು ಮಾಡಿಕೊಂಡವನು ತೀರಿಕೊಂಡು ಮಕ್ಕಳು ಇದ್ದರೆ ಗೊತ್ತಿರುವ ವಾರಸುದಾರರೆಲ್ಲರ ಹೆಸರೂ ಇರಲಿ. ವಾರಸುದಾರರು ಜಂಟಿ ಬಾಡಿಗೆದಾರರು, ಒಬ್ಬರಿಗೆ ಕೊಟ್ಟರೂ ಸಾಕು ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಹೇಳಿದೆ. ಆದರೂ ಅಂಚೆಯ ನಾಲ್ಕು ಕಾಸು ಉಳಿಸಲು ಹೋಗಿ ವರ್ಷಗಳ ವಾದವನ್ನು ಮೈಮೇಲೆ ಎಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

‘ನನ್ನ ಕಕ್ಷಿದಾರರ ಸೂಚನೆಯ ಮೇರೆಗೆ’ ಎಂದು ವಕೀಲರು ಶುರುಮಾಡುವ ಮೊದಲ ಪ್ಯಾರಾ ಮಾಲೀಕರು ಯಾರು ಎಂಬುದಕ್ಕೆ ಮೀಸಲು. ಇಲ್ಲಿ ಹಕ್ಕುಪತ್ರಗಳ ಇತಿಹಾಸವೆಲ್ಲ ಬೇಕಾಗಿಲ್ಲ. ಬಾಡಿಗೆಗೆ ಒಳಗೆ ಬಂದವನು, ಕೊಟ್ಟವರ ಹಕ್ಕನ್ನೇ ಆಮೇಲೆ ಅಲ್ಲಗಳೆಯುವಂತಿಲ್ಲ ಎಂಬುದು ಸಾಕ್ಷ್ಯ ಕಾನೂನಿನ ಹಳೆಯ ನಿಯಮ. ಆದರೆ ಕರಾರು ತಂದೆಯ ಹೆಸರಿನಲ್ಲಿದ್ದು ನೋಟಿಸ್ ಮಗಳು ಕೊಡುತ್ತಿದ್ದರೆ, ಅಥವಾ ನಡುವೆ ಮನೆ ಮಾರಾಟವಾಗಿದ್ದರೆ, ಹಕ್ಕು ತಮಗೆ ಹೇಗೆ ಬಂತು ಎಂಬುದನ್ನು ಎರಡು ಸಾಲಿನಲ್ಲಿ ಹೇಳಲೇಬೇಕು. ಇಲ್ಲದಿದ್ದರೆ ‘ಇವರು ಯಾರೋ ನನಗೆ ಗೊತ್ತಿಲ್ಲ’ ಎಂಬ ಉತ್ತರಕ್ಕೆ ದಾರಿ ಮಾಡಿಕೊಟ್ಟಂತಾಗುತ್ತದೆ.

ಅದರ ಬೆನ್ನಿಗೆ ಮನೆಯ ಗುರುತು. ಮನೆ ಸಂಖ್ಯೆ, ಅಡ್ಡರಸ್ತೆ, ಬಡಾವಣೆ ಇಷ್ಟೇ ಸಾಲದು. ಶಿಕ್ಷಕಿಯ ಕಟ್ಟಡದಲ್ಲಿ ಎರಡು ಮನೆಗಳಿವೆ, ಖಾಲಿ ಆಗಬೇಕಾದದ್ದು ಮೊದಲ ಮಹಡಿಯದು ಮಾತ್ರ. ಆದ್ದರಿಂದ ನೋಟಿಸಿನ ಕೊನೆಯಲ್ಲಿ ಷೆಡ್ಯೂಲ್ ಎಂದು ಬರೆದು ಮಹಡಿ, ಕೋಣೆಗಳ ವಿವರ, ಗಾಡಿ ನಿಲ್ಲಿಸುವ ಜಾಗ ಸೇರಿದೆಯೇ ಇಲ್ಲವೇ, ನಾಲ್ಕು ದಿಕ್ಕಿನ ಚಕ್ಕುಬಂದಿ ಎಲ್ಲವನ್ನೂ ಕೊಡುತ್ತಾರೆ. ಇದರ ಉಪಯೋಗ ಗೊತ್ತಾಗುವುದು ಕೊನೆಯ ಹಂತದಲ್ಲಿ. ನೋಟಿಸಿನ ಷೆಡ್ಯೂಲ್ ದಾವೆಗೆ ಹೋಗುತ್ತದೆ, ದಾವೆಯದು ಡಿಕ್ರಿಗೆ ಹೋಗುತ್ತದೆ. ಡಿಕ್ರಿ ಹಿಡಿದು ಬರುವ ಅಮೀನ ಯಾವ ಬಾಗಿಲು ತೆರೆಸಬೇಕು ಎಂದು ನೋಡುವುದು ಅದನ್ನೇ.

ಮೂರನೆಯ ಪ್ಯಾರಾ ಬಾಡಿಗೆಯ ಚರಿತ್ರೆ. ಇಲ್ಲಿ ಹಲವರು ಎಡವುತ್ತಾರೆ. ‘ಹನ್ನೊಂದು ತಿಂಗಳ ಕರಾರು ಮುಗಿದೇ ಹೋಗಿದೆ, ಇನ್ನು ನೋಟಿಸ್ ಯಾಕೆ’ ಎಂದು ಕೇಳುವವರಿದ್ದಾರೆ. ಅವಧಿ ಮುಗಿದ ಕೂಡಲೇ ಮನೆ ಬಿಡಿ ಎಂದಿದ್ದರೆ, ಆಮೇಲೆ ಬಾಡಿಗೆ ಮುಟ್ಟದೆ ಇದ್ದಿದ್ದರೆ ಆ ಮಾತು ಸರಿಯೇ. ಶಿಕ್ಷಕಿ ಹಾಗೆ ಮಾಡಲಿಲ್ಲ. ಬಾಡಿಗೆ ಏರಿಸಿ, ಹನ್ನೊಂದು ತಿಂಗಳು ಅದನ್ನು ಪಡೆದರು. ಕಾಯಿದೆಯ 116ನೇ ಕಲಮಿನ ಕಣ್ಣಿನಲ್ಲಿ ಅದು ಹೊಸದಾಗಿ ತಿಂಗಳಿಂದ ತಿಂಗಳಿಗೆ ನಡೆದ ಬಾಡಿಗೆ. ಅದನ್ನು ಮುಗಿಸಲು ನೋಟಿಸ್ ಬೇಕು. ನೋಂದಣಿ ಮಾಡಿಸದೆ ಮೂರು ವರ್ಷಕ್ಕೆ ಕರಾರು ಬರೆದುಕೊಂಡವರ ಗತಿಯೂ ಹೆಚ್ಚುಕಡಿಮೆ ಇದೇ. ಒಂದು ವರ್ಷ ಮೀರಿದ ಬಾಡಿಗೆ ಕರಾರು ನೋಂದಣಿ ಆಗದಿದ್ದರೆ ಆ ಮೂರು ವರ್ಷದ ಅವಧಿ ನಿಲ್ಲುವುದಿಲ್ಲ, ವಾಸದ ಮನೆಯಾದರೆ ತಿಂಗಳ ಬಾಡಿಗೆ ಎಂದೇ ಲೆಕ್ಕ. ಹಾಗಾಗಿ ನೋಟಿಸಿನಲ್ಲಿ ಕರಾರಿನ ದಿನಾಂಕ, ಅದು ಮುಗಿದ ದಿನ, ನಂತರ ಬಾಡಿಗೆ ತಿಂಗಳಿಗೆ ಇಷ್ಟರಂತೆ ಮುಂದುವರಿಯಿತು ಎಂಬುದು, ಅಡ್ವಾನ್ಸ್ ಮೊತ್ತ ಎಲ್ಲವನ್ನೂ ನಡೆದದ್ದು ನಡೆದಂತೆ ಬರೆಯಬೇಕು. ನಿಜವಾಗಿಯೂ ನೋಂದಣಿಯಾದ, ಅವಧಿ ಇನ್ನೂ ಮುಗಿಯದ ಕರಾರಾಗಿದ್ದರೆ ಈ ಲೇಖನದ ದಾರಿ ಸಾಲದು. ಬಾಡಿಗೆ ತಪ್ಪಿದರೆ ಮನೆ ವಾಪಸು ಪಡೆಯುವ ಹಕ್ಕು ಆ ಕರಾರಿನಲ್ಲೇ ಇದೆಯೇ ಎಂದು ಮೊದಲು ನೋಡಬೇಕಾಗುತ್ತದೆ.

ಮುಂದಿನದು ಬಾಕಿಯ ಲೆಕ್ಕ. ‘ಆರು ತಿಂಗಳಿಂದ ಬಾಡಿಗೆ ಕೊಟ್ಟಿಲ್ಲ’ ಎಂದು ಒಂದೇ ಸಾಲಿನಲ್ಲಿ ಬರೆದ ನೋಟಿಸಿಗೆ, ಜೂನ್‌ನಲ್ಲಿ 10,000 ಕಳಿಸಿದ ಚೀಟಿಯನ್ನು ಲಗತ್ತಿಸಿ ‘ಮಾಲೀಕರು ಸುಳ್ಳು ಹೇಳುತ್ತಿದ್ದಾರೆ’ ಎಂದು ಉತ್ತರ ಬರುತ್ತದೆ. ಆ ಒಂದು ಚೀಟಿ ಮಾಲೀಕರ ಉಳಿದ ಮಾತಿನ ಮೇಲೂ ಅನುಮಾನ ಹುಟ್ಟಿಸುತ್ತದೆ. ಶಿಕ್ಷಕಿಯ ನೋಟಿಸ್ ಹೀಗೆ ಲೆಕ್ಕ ಕೊಡುತ್ತದೆ: ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆರು ತಿಂಗಳಿಗೆ 18,900ರಂತೆ 1,13,400 ರೂಪಾಯಿ, ನೀರಿನ ಬಾಬ್ತು 3,000, ಜಮೆಯಾದ 10,000 ಕಳೆದು ಉಳಿದ ಬಾಕಿ 1,06,400. ಅಕ್ಟೋಬರ್ ಬಾಡಿಗೆಯನ್ನು ಸೇರಿಸಿಲ್ಲ, ಏಕೆಂದರೆ ಕರಾರಿನ ಪ್ರಕಾರ ಅದಕ್ಕೆ ನವೆಂಬರ್ 5ರವರೆಗೆ ಕಾಲವಿದೆ. ಕರಾರಿನಲ್ಲಿ ಬಡ್ಡಿಯ ಮಾತಿದ್ದರೆ ಬಡ್ಡಿ ಕೇಳಬಹುದು. ಇಲ್ಲದ ಶೇಕಡ 24ನ್ನು ಎಲ್ಲಿಂದಲೋ ತಂದು ಸೇರಿಸಿದರೆ ಲೆಕ್ಕದ ಗೌರವ ಹೋಗುತ್ತದೆ. ಬಾಕಿ ಬಹಳ ಹಳೆಯದಾದರೆ ಇನ್ನೊಂದು ಗಡಿ ಇದೆ. ಬಾಡಿಗೆ ಬಾಕಿಗೆ ದಾವೆ ಹಾಕಲು ಇರುವ ಕಾಲ ಅದು ಕೊಡಬೇಕಾದ ದಿನದಿಂದ ಮೂರು ವರ್ಷ. ನೋಟಿಸ್ ಕೊಟ್ಟ ಮಾತ್ರಕ್ಕೆ ಆ ಗಡಿಯಾರ ನಿಲ್ಲುವುದಿಲ್ಲ.

ಈ ಪ್ಯಾರಾ ಒಂದು ಬೇಡಿಕೆಯೊಂದಿಗೆ ಮುಗಿಯುತ್ತದೆ: ‘ಸದರಿ 1,06,400 ರೂಪಾಯಿಗಳನ್ನು ಈ ನೋಟಿಸ್ ತಲುಪಿದ ಹದಿನೈದು ದಿನದೊಳಗೆ ಪಾವತಿ ಮಾಡತಕ್ಕದ್ದು.’ ಅಲ್ಲಿಗೆ ಪೂರ್ಣವಿರಾಮ. ಮನೆ ಬಿಡುವ ಮಾತು ಈ ವಾಕ್ಯಕ್ಕೆ ಅಂಟಿಕೊಳ್ಳಬಾರದು.

ಈಗ ನೋಟಿಸಿನ ಜೀವಾಳ. ಶಿಕ್ಷಕಿಯ ವಕೀಲರು ಹೊಸ ಪ್ಯಾರಾದಲ್ಲಿ ಹೀಗೆ ಬರೆಯುತ್ತಾರೆ: ‘ಮೇಲಿನ ಬಾಕಿಯನ್ನು ನೀವು ಪಾವತಿ ಮಾಡಿದರೂ ಮಾಡದಿದ್ದರೂ, ನನ್ನ ಕಕ್ಷಿದಾರರಿಗೆ ನಿಮ್ಮ ಬಾಡಿಗೆಯನ್ನು ಮುಂದುವರಿಸಲು ಇಷ್ಟವಿರುವುದಿಲ್ಲ. ಸ್ವತ್ತು ವರ್ಗಾವಣೆ ಕಾಯಿದೆಯ 106ನೇ ಕಲಮಿನ ಪ್ರಕಾರ, ಈ ನೋಟಿಸ್ ನಿಮಗೆ ತಲುಪಿದ ದಿನದಿಂದ ಹದಿನೈದು ದಿನ ಕಳೆದೊಡನೆ ಷೆಡ್ಯೂಲ್ ಸ್ವತ್ತಿನ ಮೇಲಿನ ನಿಮ್ಮ ಮಾಸಿಕ ಬಾಡಿಗೆ ಹಕ್ಕನ್ನು ಇದರ ಮೂಲಕ ಅಂತ್ಯಗೊಳಿಸಲಾಗಿದೆ. ಸದರಿ ಅವಧಿ ಮುಗಿದ ಕೂಡಲೇ ಸ್ವತ್ತನ್ನು ಖಾಲಿ ಮಾಡಿ ಸ್ವಾಧೀನವನ್ನು ನನ್ನ ಕಕ್ಷಿದಾರರಿಗೆ ಬಿಟ್ಟುಕೊಡತಕ್ಕದ್ದು.’

ಈ ಪ್ಯಾರಾದಲ್ಲಿ ಬೆದರಿಕೆ ಇಲ್ಲ, ಷರತ್ತಿಲ್ಲ. ‘ಅಂತ್ಯಗೊಳಿಸಲಾಗುವುದು’ ಎಂದೂ ಇಲ್ಲ. ಯಾವ ದಿನದಿಂದ ಲೆಕ್ಕ, ಎಷ್ಟು ದಿನ, ಏನು ಮುಗಿಯುತ್ತದೆ, ಏನು ಮಾಡಬೇಕು ಎಂಬ ನಾಲ್ಕೂ ಇವೆ.

ಬಾಕಿಯನ್ನೇ ಕಾರಣ ಮಾಡಿ ಬಾಡಿಗೆ ರದ್ದು ಮಾಡಬಾರದೇ ಎಂದು ಕೇಳಬಹುದು. ಕರಾರಿನಲ್ಲಿ ಅಂಥ ಷರತ್ತಿದ್ದರೆ ಮಾಡಬಹುದು. ಆದರೆ ಅದೇ ಕಾಯಿದೆಯ 114ನೇ ಕಲಮು ಬಾಡಿಗೆದಾರನಿಗೆ ಒಂದು ಬಾಗಿಲು ತೆರೆದಿಟ್ಟಿದೆ. ಬಾಡಿಗೆ ಕೊಡದ ತಪ್ಪಿಗಾಗಿ ಹಕ್ಕು ಹೋಗಿದ್ದರೆ, ದಾವೆಯ ವಿಚಾರಣೆಯ ವೇಳೆ ಅವನು ಬಾಕಿಯನ್ನು ಬಡ್ಡಿ ಮತ್ತು ಖರ್ಚಿನೊಂದಿಗೆ ಕಟ್ಟಿದರೆ, ಅಥವಾ ಅದಕ್ಕೆ ತಕ್ಕ ಭದ್ರತೆ ಕೊಟ್ಟರೆ, ನ್ಯಾಯಾಲಯ ಅವನನ್ನು ಅಲ್ಲೇ ಉಳಿಸಬಹುದು. 106ರ ಸರಳ ನೋಟಿಸಿನಿಂದ ಮುಗಿದ ಮಾಸಿಕ ಬಾಡಿಗೆಗೆ ಆ ಬಾಗಿಲಿಲ್ಲ. ತಿಂಗಳ ಬಾಡಿಗೆಯ ಪ್ರಕರಣಗಳಲ್ಲಿ ಅನುಭವಿ ವಕೀಲರು ಬಾಕಿಯ ವಿವರವನ್ನು ನೋಟಿಸಿನಲ್ಲಿ ತುಂಬಿದರೂ, ಬಾಡಿಗೆ ಮುಗಿಸುವ ಪ್ಯಾರಾವನ್ನು ಅದರಿಂದ ಬೇರೆಯೇ ಇಡುವುದು ಇದಕ್ಕಾಗಿ.

‘ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ’ ಎಂಬ ಮಾತಿಗೂ ಉತ್ತರ ಇಲ್ಲೇ ಇದೆ. ಶಿಕ್ಷಕಿಯ ಬಳಿ 1,50,000 ಅಡ್ವಾನ್ಸ್ ಇದೆ, ಬಾಕಿ 1,06,400 ಮಾತ್ರ. ನೋಟಿಸ್ ಬರೀ ಬಾಕಿಯ ಮೇಲೆ ನಿಂತಿದ್ದರೆ ‘ಬಾಕಿಯೇ ಇಲ್ಲ, ಅವರ ಹತ್ತಿರವೇ ನನ್ನ ಹಣ ಹೆಚ್ಚಿದೆ’ ಎಂದು ಅವನು ವಾದಿಸಬಹುದಿತ್ತು. ಬಾಡಿಗೆ ಸಂಬಂಧವನ್ನೇ ಮುಗಿಸಿದ ಮೇಲೆ ಆ ವಾದದಿಂದ ಮನೆ ಉಳಿಯುವುದಿಲ್ಲ. ಲೆಕ್ಕ ಮಾತ್ರ ಬದಲಾಗಬಹುದು. ಹಾಗಂತ ಅಡ್ವಾನ್ಸ್ ಬಗ್ಗೆ ಮೌನವಾಗಿರುವುದು ತಪ್ಪು. ಮಾಲೀಕರು ಆ ಹಣ ನುಂಗಲು ಹೊರಟಿದ್ದಾರೆ ಎಂಬ ಅನುಮಾನಕ್ಕೆ ಅದು ಎಡೆಮಾಡುತ್ತದೆ, ಮನೆ ಬಿಡಲು ಮನಸ್ಸಿರುವವನೂ ಹಣದ ಭಯಕ್ಕೆ ಅಂಟಿಕೊಂಡು ಕೂರುತ್ತಾನೆ. ಆದ್ದರಿಂದ ಒಂದು ಪ್ಯಾರಾ ಹೀಗಿರಬೇಕು: ಅಡ್ವಾನ್ಸ್ ಮನೆಗೆ ಭದ್ರತೆಯಾಗಿ ಕೊಟ್ಟದ್ದು, ಬಾಡಿಗೆಗೆ ಬದಲಿ ಅಲ್ಲ, ಸ್ವಾಧೀನ ಕೊಟ್ಟ ದಿನ ಬಾಕಿ, ಕರೆಂಟ್ ಬಿಲ್, ಕರಾರಿನಂತೆ ಬಣ್ಣದ ಖರ್ಚು ಕಳೆದು ಉಳಿದದ್ದನ್ನು ಹಿಂತಿರುಗಿಸಲು ಮಾಲೀಕರು ಸಿದ್ಧರಿದ್ದಾರೆ. ಈ ಒಂದು ಸಾಲು ಎಷ್ಟೋ ಪ್ರಕರಣಗಳನ್ನು ಕೋರ್ಟಿನ ಮೆಟ್ಟಿಲ ಕೆಳಗೇ ಮುಗಿಸಬಲ್ಲದು.

ಹದಿನೈದು ದಿನ ಕಳೆದ ಮೇಲೂ ಮನೆಯಲ್ಲಿ ಕೂತರೆ ಅವನು ಕೊಡಬೇಕಾದದ್ದು ಬಾಡಿಗೆ ಅಲ್ಲ, ಹಕ್ಕಿಲ್ಲದೆ ಮನೆಯನ್ನು ಉಪಯೋಗಿಸಿದ್ದಕ್ಕೆ ನಷ್ಟ ಪರಿಹಾರ. ನೋಟಿಸಿನಲ್ಲಿ ಅದರ ದರವನ್ನೂ ಹೇಳಬೇಕು. ಅದೇ ಬೀದಿಯ ಅಂಥದೇ ಮನೆಗಳಿಗೆ ಈಗ 24,000 ರೂಪಾಯಿ ಬಾಡಿಗೆ ನಡೆಯುತ್ತಿದ್ದರೆ ದಿನಕ್ಕೆ 800 ಕೇಳುವುದರಲ್ಲಿ ನ್ಯಾಯವಿದೆ, ದಾವೆಯಲ್ಲಿ ಅಕ್ಕಪಕ್ಕದ ಕರಾರುಗಳನ್ನು ತೋರಿಸಿ ಅದನ್ನು ಸಮರ್ಥಿಸಬಹುದು. ದಿನಕ್ಕೆ 5,000 ಎಂದು ಹೆದರಿಸಲು ಬರೆದರೆ ಅದಕ್ಕೆ ಆಧಾರ ಸಿಗದು. ನ್ಯಾಯಾಲಯಗಳು ಈ ವಿಷಯದಲ್ಲಿ ಕೈ ಬಿಗಿ ಹಿಡಿಯುವುದಿಲ್ಲ ಎನ್ನುವುದಕ್ಕೆ 2004ರ ಆತ್ಮಾರಾಮ್ ಪ್ರಾಪರ್ಟೀಸ್ ಪ್ರಕರಣ ಉದಾಹರಣೆ. ದೆಹಲಿಯ ಕನಾಟ್ ಸರ್ಕಸ್‌ನ ಆ ಕಟ್ಟಡದ ಬಾಡಿಗೆ ತಿಂಗಳಿಗೆ 371 ರೂಪಾಯಿ 90 ಪೈಸೆ. ಖಾಲಿ ಮಾಡುವ ಆದೇಶಕ್ಕೆ ತಡೆ ಬೇಕಾದರೆ ತಿಂಗಳಿಗೆ 15,000 ಕಟ್ಟಬೇಕು ಎಂದು ಮೇಲ್ಮನವಿ ಕೇಳಿದ ನ್ಯಾಯಮಂಡಳಿ ಹೇಳಿತ್ತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನೋಟಿಸಿನಲ್ಲಿ ಗಮನಿಸಬೇಕಾದದ್ದು ಪದದ ಬಳಕೆ: ಹಕ್ಕು ಮುಗಿದ ನಂತರದ ಅವಧಿಗೆ ಎಲ್ಲೂ ‘ಬಾಡಿಗೆ’ ಎಂದು ಬರೆಯಬಾರದು. ಒಂದು ಪ್ಯಾರಾದಲ್ಲಿ ಮುಗಿಸಿದ್ದನ್ನು ಇನ್ನೊಂದರಲ್ಲಿ ಮುಂದುವರಿಸಿದಂತಾಗುತ್ತದೆ.

ಕೊನೆಯ ಪ್ಯಾರಾ ಮುಂದಿನ ಕ್ರಮದ್ದು. ಹೇಳಿದಂತೆ ನಡೆಯದಿದ್ದರೆ ಸ್ವಾಧೀನ, ಬಾಕಿ, ನಷ್ಟ ಪರಿಹಾರ ಮತ್ತು ಖರ್ಚಿಗಾಗಿ ದಾವೆ ಹೂಡಲಾಗುವುದು ಎಂದರೆ ಸಾಕು. ನೋಟಿಸಿಗೆ ಮಾಲೀಕರು ಅಥವಾ ಅವರ ಪರವಾಗಿ ವಕೀಲರು ಸಹಿ ಮಾಡಬೇಕು. ವಕೀಲರೇ ಬೇಕು ಎಂದು ಕಾಯಿದೆ ಹೇಳುವುದಿಲ್ಲ. ನೀರು ನಿಲ್ಲಿಸುತ್ತೇವೆ, ಬೀಗ ಹಾಕುತ್ತೇವೆ, ಪೊಲೀಸರಿಗೆ ಹೇಳಿ ಹೊರಹಾಕಿಸುತ್ತೇವೆ ಎಂಬಂಥ ಒಂದು ಅಕ್ಷರವೂ ಅದರಲ್ಲಿ ಬೇಡ. ಅಂಥ ಸಾಲು ಸಿಕ್ಕಿದರೆ ಬಾಡಿಗೆದಾರ ಮರುದಿನವೇ ಅದನ್ನು ಹಿಡಿದು ತಡೆಯಾಜ್ಞೆಗೆ ಹೋಗುತ್ತಾನೆ. ನಿಜವಾಗಿಯೂ ಬೀಗ ಜಡಿದರೆ, ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಕಲಮಿನ ಪ್ರಕಾರ ಆರು ತಿಂಗಳೊಳಗೆ ದಾವೆ ಹಾಕಿ ಅವನು ಒಳಗೆ ಬರಬಹುದು. ಆ ದಾವೆಯಲ್ಲಿ ಮಾಲೀಕತ್ವ ಯಾರದ್ದು ಎಂಬ ಪ್ರಶ್ನೆಯೇ ಏಳುವುದಿಲ್ಲ.

ನೋಟಿಸ್ ಎಷ್ಟೇ ಚೆನ್ನಾಗಿದ್ದರೂ ತಲುಪಿದ್ದಕ್ಕೆ ದಾಖಲೆ ಇಲ್ಲದಿದ್ದರೆ ಪ್ರಯೋಜನವಿಲ್ಲ. 106ನೇ ಕಲಮು ಹೇಳುವ ದಾರಿಗಳು ಇವು: ಅಂಚೆಯ ಮೂಲಕ ಕಳಿಸಬಹುದು, ಬಾಡಿಗೆದಾರನ ಕೈಗೆ ಅಥವಾ ಅವನ ಮನೆಯಲ್ಲಿ ಕುಟುಂಬದವರ ಇಲ್ಲವೇ ಆಳುಗಳ ಕೈಗೆ ಕೊಡಬಹುದು, ಇದು ಸಾಧ್ಯವಾಗದಿದ್ದರೆ ಸ್ವತ್ತಿನ ಎದ್ದುಕಾಣುವ ಜಾಗದಲ್ಲಿ ಅಂಟಿಸಬಹುದು. ವಾಟ್ಸ್‌ಆ್ಯಪ್‌ನಲ್ಲಿ ಪ್ರತಿ ಕಳಿಸಿದರೆ ತಪ್ಪೇನಿಲ್ಲ, ಅದನ್ನೇ ನಂಬಿ ಕೂರಬಾರದು. ಹಿಂದೆ ಎಲ್ಲರೂ ಮೊರೆಹೋಗುತ್ತಿದ್ದ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಳಗೆ ವಿಲೀನವಾಗಿದೆ. ಶಿಕ್ಷಕಿಯ ನೋಟಿಸ್ ಅಕ್ಟೋಬರ್‌ನದಾದ್ದರಿಂದ ಅದು ಸ್ಪೀಡ್ ಪೋಸ್ಟ್‌ನಲ್ಲೇ, ತಲುಪಿದ್ದಕ್ಕೆ ಪುರಾವೆ ಕೇಳಿ ಹೋಗುತ್ತದೆ.

ಬಾಡಿಗೆದಾರ ತೆಗೆದುಕೊಳ್ಳದಿದ್ದರೆ? ಅಂಚೆಯವರು ಲಕೋಟೆಯ ಮೇಲೆ ‘ನಿರಾಕರಿಸಿದರು’ ಎಂದು ಷರಾ ಬರೆದು ವಾಪಸು ಮಾಡುತ್ತಾರೆ. ಸರಿಯಾದ ವಿಳಾಸಕ್ಕೆ, ಅಂಚೆ ವೆಚ್ಚ ತೆತ್ತು ಕಳಿಸಿದ ನೋಂದಾಯಿತ ಕಾಗದ ತಲುಪಿದೆ ಎಂದೇ ಕಾನೂನು ಭಾವಿಸುತ್ತದೆ. ತಲುಪಿಲ್ಲ ಎಂದು ತೋರಿಸುವ ಹೊರೆ ಬಾಡಿಗೆದಾರನದು. ಆ ಲಕೋಟೆಯನ್ನು ಒಡೆಯದೆ ಹಾಗೇ ಇಟ್ಟುಕೊಳ್ಳಬೇಕು, ನ್ಯಾಯಾಲಯದಲ್ಲಿ ತೆರೆಯುವುದು ಅದನ್ನೇ. ‘ಬಾಗಿಲು ಬೀಗ’ ಎಂಬ ಷರಾ ಮಾತ್ರ ಸ್ವಲ್ಪ ದುರ್ಬಲ. ಅದು ಬಂದರೆ ಮತ್ತೊಮ್ಮೆ ಕಳಿಸುವುದು, ಜೊತೆಗೆ ಇಬ್ಬರು ಸಾಕ್ಷಿಗಳ ಮುಂದೆ ಮನೆಯ ಬಾಗಿಲಿಗೆ ಅಂಟಿಸಿ, ಫೋಟೊ ತೆಗೆದು, ಚಿಕ್ಕ ಮಹಜರು ಬರೆದಿಡುವುದು ಕ್ಷೇಮ.

ಶಿಕ್ಷಕಿಯ ನೋಟಿಸ್ ಅಕ್ಟೋಬರ್ 9ಕ್ಕೆ ತಲುಪಿತು. ಲೆಕ್ಕ 10ರಿಂದ ಶುರು, 24ಕ್ಕೆ ಹದಿನೈದು ದಿನ ಮುಗಿಯಿತು, 25ರಿಂದ ದಾವೆ ಹಾಕಬಹುದು. ಇದು ಇಷ್ಟು ಸರಳವಾದದ್ದು 2002ರ ಕೊನೆಯ ದಿನ ಜಾರಿಗೆ ಬಂದ ತಿದ್ದುಪಡಿಯಿಂದ. ಅದಕ್ಕೂ ಮೊದಲು ನೋಟಿಸಿನ ಅವಧಿ ಬಾಡಿಗೆ ತಿಂಗಳು ಮುಗಿಯುವ ದಿನವೇ ಮುಗಿಯಬೇಕಿತ್ತು. ಒಂದು ದಿನ ಆಚೀಚೆಯಾದರೆ ದಾವೆ ಬೀಳುತ್ತಿತ್ತು. 1977ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋದ ಒಂದು ಪ್ರಕರಣದಲ್ಲಿ ಜಗಳವೆಲ್ಲ ‘1962ರ ಅಕ್ಟೋಬರ್ ತಿಂಗಳೊಳಗೆ ಖಾಲಿ ಮಾಡಿ’ ಎಂಬ ಒಂದು ಮಾತಿನ ಮೇಲೆ: ತಿಂಗಳೊಳಗೆ ಎಂದರೆ ತಿಂಗಳ ಕೊನೆಗೆ ಎಂದಾಗುತ್ತದೆಯೇ? ಆಗುತ್ತದೆ, ನೋಟಿಸನ್ನು ಉದಾರವಾಗಿ ಓದಬೇಕು ಎಂದು ತೀರ್ಪು ಬಂತು. ಆ ಉತ್ತರಕ್ಕೆ ಹದಿನೈದು ವರ್ಷ ಹಿಡಿಯಿತು. ಈಗಿನ ಕಾನೂನಿನಲ್ಲಿ ನೋಟಿಸಿನಲ್ಲಿ ಬರೆದ ಅವಧಿ ಕಡಿಮೆಯಿದ್ದರೂ, ಹದಿನೈದು ದಿನ ಪೂರ್ಣವಾದ ಮೇಲೆ ದಾವೆ ಹಾಕಿದ್ದರೆ ನೋಟಿಸ್ ಕೆಡುವುದಿಲ್ಲ. ಆದರೆ ಕರಾರಿನಲ್ಲೇ ಒಂದು ತಿಂಗಳ ಅಥವಾ ಎರಡು ತಿಂಗಳ ನೋಟಿಸ್ ಎಂದು ಬರೆದಿದ್ದರೆ ಅದರಂತೆ ಕೊಡುವುದೇ ಸರಿ; 106ನೇ ಕಲಮು ಕರಾರಿಲ್ಲದ ಕಡೆಗೆ ಮಾಡಿದ ನಿಯಮ.

ನೋಟಿಸ್ ಹೋದ ಮೇಲೂ ಒಂದು ಅಪಾಯ ಉಳಿದಿರುತ್ತದೆ. ನವೆಂಬರ್ ಮೊದಲ ವಾರ ಶಿಕ್ಷಕಿಯ ಬ್ಯಾಂಕ್ ಖಾತೆಗೆ 18,900 ರೂಪಾಯಿ ಸದ್ದಿಲ್ಲದೆ ಬಂದು ಬೀಳುತ್ತದೆ, ‘ಅಕ್ಟೋಬರ್ ಬಾಡಿಗೆ’ ಎಂಬ ಟಿಪ್ಪಣಿಯೊಂದಿಗೆ. ನೋಟಿಸಿನ ನಂತರದ ಅವಧಿಗೆ ಬಾಡಿಗೆ ಪಡೆದರೆ ನೋಟಿಸನ್ನು ಬಿಟ್ಟುಕೊಟ್ಟಂತೆ ಎಂಬ ವಾದಕ್ಕೆ 113ನೇ ಕಲಮಿನಲ್ಲಿ ನೆಲೆಯಿದೆ. ಹಣ ಪಡೆದ ಮಾತ್ರಕ್ಕೆ ಹಾಗಾಗದು, ಬಾಡಿಗೆ ಮುಂದುವರಿಸುವ ಮನಸ್ಸು ಕಾಣಬೇಕು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಆ ಮನಸ್ಸು ಇಲ್ಲ ಎಂಬುದನ್ನು ಅದೇ ವಾರ ಕಾಗದದಲ್ಲಿ ತೋರಿಸಬೇಕು: ‘ಈ ಹಣವನ್ನು ಹಳೆಯ ಬಾಕಿಗೆ ಮತ್ತು ನಷ್ಟ ಪರಿಹಾರಕ್ಕೆ ಜಮೆ ಮಾಡಿಕೊಂಡಿದೆ, ನೋಟಿಸಿನ ಪರಿಣಾಮಕ್ಕೆ ಧಕ್ಕೆ ಇಲ್ಲ.’ ಬಾಡಿಗೆ ರಸೀದಿ ಕೊಡಬಾರದು. ‘ಥ್ಯಾಂಕ್ಸ್, ಮುಂದಿನ ತಿಂಗಳೂ ಸರಿಯಾಗಿ ಕೊಡಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದುಬಿಟ್ಟರೆ ಎಲ್ಲ ಪ್ಯಾರಾಗಳ ಶ್ರಮವೂ ಅಲ್ಲಿಗೆ ಮಣ್ಣುಪಾಲಾಗಬಹುದು.

ಬೆಂಗಳೂರಿನಲ್ಲಿ ಇಂಥ ದಾವೆಗಳು ಸಾಮಾನ್ಯವಾಗಿ ಹೋಗುವುದು ಸ್ಮಾಲ್ ಕಾಸಸ್ ಕೋರ್ಟಿಗೆ. ಅಲ್ಲಿ ಮಾಲೀಕರ ಕೈಯಲ್ಲಿರಬೇಕಾದ ಕಾಗದಗಳು ಕೆಲವೇ: ಕರಾರು, ಬ್ಯಾಂಕ್ ಖಾತೆಯ ವಿವರ, ನೋಟಿಸಿನ ಪ್ರತಿ, ಅಂಚೆ ರಸೀದಿ, ತಲುಪಿದ ಪುರಾವೆ ಅಥವಾ ವಾಪಸು ಬಂದ ಲಕೋಟೆ, ಬಾಡಿಗೆದಾರ ಕೊಟ್ಟಿದ್ದರೆ ಅವನ ಉತ್ತರ. ಅಂಚೆಯ ವೆಬ್‌ಸೈಟಿನಲ್ಲಿ ಕಾಣುವ ಬಟವಾಡೆಯ ವಿವರ ಬಹುಕಾಲ ಇರುವುದಿಲ್ಲ, ಆ ವಾರವೇ ಮುದ್ರಿಸಿಟ್ಟುಕೊಳ್ಳಬೇಕು.

ಇಂಥ ನೋಟಿಸ್ ಬಾಡಿಗೆದಾರರ ಕೈ ಸೇರಿದಾಗ ಅವರು ತಿಳಿಯಬೇಕಾದದ್ದೂ ಇದೆ. ನೋಟಿಸ್ ಎಂದರೆ ನ್ಯಾಯಾಲಯದ ಆದೇಶವಲ್ಲ. ಹದಿನಾರನೆಯ ದಿನ ಸಾಮಾನು ಬೀದಿಗೆ ಎಸೆಯುವ ಅಧಿಕಾರ ಯಾರಿಗೂ ಇಲ್ಲ, ಡಿಕ್ರಿ ಆಗುವವರೆಗೆ ಬಲವಂತದಿಂದ ಯಾರೂ ಹೊರಹಾಕುವಂತಿಲ್ಲ. ಆದರೆ ಕೂತ ಪ್ರತಿ ದಿನಕ್ಕೂ ನಷ್ಟ ಪರಿಹಾರದ ಲೆಕ್ಕ ಏರುತ್ತಿರುತ್ತದೆ, ಅದು ಅಡ್ವಾನ್ಸ್ ಹಣವನ್ನೇ ಮೊದಲು ತಿನ್ನುತ್ತದೆ. ದಿನಕ್ಕೆ 800ರಂತೆ ನ್ಯಾಯಾಲಯ ಒಪ್ಪಿದರೆ ಶಿಕ್ಷಕಿಯ ಬಳಿ ಬಾಕಿ ಕಳೆದು ಉಳಿದಿರುವ 43,600 ರೂಪಾಯಿ 55 ದಿನಕ್ಕೆ ಖರ್ಚಾಗುತ್ತದೆ. ಲೆಕ್ಕ ತಪ್ಪಿದ್ದರೆ, ಹಣ ಕೊಟ್ಟ ದಾಖಲೆ ಇದ್ದರೆ, ಅದನ್ನು ಲಗತ್ತಿಸಿ ಹದಿನೈದು ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ. ಬಿಡಲು ಒಂದೆರಡು ತಿಂಗಳ ಕಾಲ ಬೇಕಿದ್ದರೆ ಅದನ್ನೂ ಆ ಉತ್ತರದಲ್ಲೇ, ಬಿಡುವ ದಿನಾಂಕದ ಸಮೇತ ಕೇಳಿ.